ಆ್ಯಪ್‌ನಲ್ಲಿ 18 ಪರ್ಸೆಂಟ್, ಕೈಗೆ ಬರೋದೆಷ್ಟು? ಪಿ2ಪಿ ಲೆಕ್ಕ ಹಾಕೋದು ಹೀಗೆ

ಹೋದ ತಿಂಗಳು ನಮ್ಮ ಆಫೀಸಿನ ಹುಡುಗನೊಬ್ಬ ಫೋನ್ ಹಿಡ್ಕೊಂಡು ಬಂದ, "ಸರ್, ಎಫ್‌ಡಿಗೆ ಏಳು ಪರ್ಸೆಂಟ್, ಇದರಲ್ಲಿ ಹದಿನೆಂಟು, ಒಂದು ಲಕ್ಷ ಹಾಕ್ಬಿಡ್ಲಾ?" ಅಂದ. ಅದು ಪಿ2ಪಿ ಆ್ಯಪ್ಪು, ಅಂದ್ರೆ ಗುರುತು ಪರಿಚಯ ಇಲ್ಲದವರಿಗೆ ನಾವೇ ಕೈಸಾಲ ಕೊಡೋದು, ಆ್ಯಪ್‌ನವರು ಮಧ್ಯದ ದಲ್ಲಾಳಿ ಅಷ್ಟೆ. ಹಾಕು ಅಂತಾನೂ ಅನ್ಲಿಲ್ಲ ಬೇಡ ಅಂತಾನೂ ಅನ್ಲಿಲ್ಲ, ಪೇಪರ್ ಪೆನ್ನು ತಗೊಂಡು ಕೂರಿಸಿದೆ.

ಮೊದಲು ಮಾಡ್ಬೇಕಾದ್ದು, ಜಾಹೀರಾತಿನ ಪರ್ಸೆಂಟ್‌ನ ರೂಪಾಯಿಗೆ ಇಳಿಸೋದು. ಒಂದು ಲಕ್ಷನ 50 ಜನಕ್ಕೆ ತಲಾ 2000ದಂತೆ, 12 ತಿಂಗಳಿಗೆ, 18 ಪರ್ಸೆಂಟ್‌ಗೆ ಕೊಟ್ರಿ ಅನ್ಕೊಳ್ಳಿ. ಒಬ್ಬೊಬ್ಬರ ಇಎಂಐ ಸುಮಾರು 183 ರೂಪಾಯಿ. ಎಲ್ರೂ ಸರಿಯಾಗಿ ಕಟ್ಟಿದ್ರೂ ವರ್ಷಕ್ಕೆ ಬರೋ ಬಡ್ಡಿ ಸುಮಾರು 10,000, ಹದಿನೆಂಟು ಸಾವಿರ ಅಲ್ಲ. ಯಾಕಂದ್ರೆ ಪ್ರತಿ ಇಎಂಐನಲ್ಲೂ ಅಸಲು ಸ್ವಲ್ಪ ವಾಪಸ್ ಬರುತ್ತೆ, ಆರು ತಿಂಗಳಿಗೆ ಸಾಲದಲ್ಲಿ ಉಳಿದಿರೋದೇ ಅರ್ಧ ದುಡ್ಡು. ಬಂದಿದ್ದನ್ನ ಮತ್ತೆ ಮತ್ತೆ ಸಾಲಕ್ಕೆ ಬಿಟ್ರೆ ಮಾತ್ರ 18ರ ಹತ್ರ ಹೋಗ್ಬಹುದು, ಆದ್ರೆ ಆಗ ದುಡ್ಡು ಕೈಗೆ ಬರೋ ದಿನಾನೂ ಮುಂದಕ್ಕೆ ಹೋಗ್ತಾ ಇರುತ್ತೆ.

ಈಗ ಇದೇ ಲೆಕ್ಕದಲ್ಲಿ ಕೈಕೊಡೋರನ್ನ ಸೇರಿಸಿ. 50ರಲ್ಲಿ 4 ಜನ ಮೂರು ಕಂತು ಕಟ್ಟಿ ಫೋನ್ ಸ್ವಿಚ್ ಆಫ್ ಮಾಡಿದ್ರೆ, ಒಬ್ಬೊಬ್ಬರಿಂದ ಒಂಬತ್ತು ಕಂತು ಅಂದ್ರೆ 1650 ರೂಪಾಯಿ ಹೋಯ್ತು, ನಾಲ್ಕು ಜನಕ್ಕೆ 6600. ಹತ್ತು ಸಾವಿರದಲ್ಲಿ ಉಳಿದಿದ್ದು 3400, ಅದರಲ್ಲಿ ಆ್ಯಪ್‌ನ ಫೀಸು ಬೇರೆ. ಅದೇ ಥರ 6 ಜನ ನಿಲ್ಲಿಸಿದ್ರೆ ವರ್ಷದ ಬಡ್ಡಿ ಹೆಚ್ಚುಕಮ್ಮಿ ಸೊನ್ನೆ. ಹುಡುಗ ಎರಡೆರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡ್ದ. ಬ್ಯಾಂಕಲ್ಲಿ ಸುಲಭಕ್ಕೆ ಸಾಲ ಸಿಗೋರು ಇಷ್ಟು ಬಡ್ಡಿಗೆ ಇಲ್ಲಿಗೆ ಯಾಕೆ ಬರ್ತಾರೆ ಹೇಳಿ, ಸಾಲ ಮುಳುಗೋ ಸಾಧ್ಯತೆನೂ ಸೇರಿಸಿಯೇ ಆ 18 ಇರೋದು.

"ಇವರ ಎನ್‌ಪಿಎ 2 ಪರ್ಸೆಂಟ್ ಮಾತ್ರ ಸರ್" ಅಂದ ಆಮೇಲೆ. ಎನ್‌ಪಿಎ ಅಂದ್ರೆ ಕಂತು ಬರದೆ ಕೆಟ್ಟ ಸಾಲ. ಇಲ್ಲೇ ನೋಡಿ ಮಜಾ ಇರೋದು. ಹಳೇ ಸಾಲ 10 ಕೋಟಿ ಬಾಕಿ ಇದ್ದು ಅದರಲ್ಲಿ 1 ಕೋಟಿ ಕೆಟ್ಟಿದ್ರೆ ಅದು 10 ಪರ್ಸೆಂಟ್. ಅದೇ ಟೈಮಲ್ಲಿ ಹೊಸದಾಗಿ 40 ಕೋಟಿ ಸಾಲ ಕೊಟ್ಬಿಟ್ರೆ ಒಟ್ಟು 50 ಕೋಟಿಗೆ 1 ಕೋಟಿ, ಅಂದ್ರೆ ಬರೀ 2 ಪರ್ಸೆಂಟ್. ಹೊಸ ಸಾಲ 90 ದಿನ ಬಾಕಿ ಬೀಳೋವರೆಗೂ ಎನ್‌ಪಿಎ ಆಗೋದೇ ಇಲ್ವಲ್ಲ! ಅದಕ್ಕೇ ಕೇಳ್ಬೇಕಾದ ಪ್ರಶ್ನೆ ಬೇರೆ: ಒಂದೂವರೆ ವರ್ಷದ ಹಿಂದೆ ಒಂದು ತಿಂಗಳಲ್ಲಿ ಕೊಟ್ಟ ಸಾಲಗಳಲ್ಲಿ ಇವತ್ತಿನವರೆಗೆ ಎಷ್ಟು ವಾಪಸ್ ಬಂದಿಲ್ಲ? ಅದಕ್ಕೆ ನೇರ ಉತ್ತರ ಕೊಡದ ಕಡೆ ನಾನಂತೂ ದುಡ್ಡು ಹಾಕಲ್ಲ.

ಇನ್ನು "ಯಾವಾಗ ಬೇಕಾದ್ರೂ ವಿತ್‌ಡ್ರಾ" ಅನ್ನೋ ಬಟನ್. ಸಾಲ ತಗೊಂಡವನು 12 ತಿಂಗಳಿಗೆ ತಗೊಂಡಿದ್ದಾನೆ, ನಾಳೆ ನಿಮಗೆ ದುಡ್ಡು ಎಲ್ಲಿಂದ ಬರುತ್ತೆ? ಹೊಸದಾಗಿ ಸೇರೋರ ದುಡ್ಡಿಂದ ಕೊಡ್ತಿದ್ರು. ಹೊಸಬರು ಬರೋವರೆಗೂ ಅದು ಚೆನ್ನಾಗಿಯೇ ನಡೆಯುತ್ತೆ, ಚೀಟಿಯಲ್ಲಿ ಎಲ್ರೂ ಒಟ್ಟಿಗೆ ಎತ್ತಬೇಕು ಅಂತ ಕೂತ ದಿನ ಏನಾಗುತ್ತೋ ಇಲ್ಲೂ ಅದೇ. 2024ರ ಆಗಸ್ಟ್‌ನಲ್ಲಿ ಆರ್‌ಬಿಐ ಇದಕ್ಕೆ ಕಡಿವಾಣ ಹಾಕ್ತು: ಹೀಗೆ ಹೊಸಬರ ದುಡ್ಡು ತಗೊಂಡು ಹಳಬರಿಗೆ ವಾಪಸ್ ಕೊಡೋ ಹಾಗಿಲ್ಲ, ಗ್ಯಾರಂಟಿ ರಿಟರ್ನ್ ಬರೋ ಇನ್ವೆಸ್ಟ್‌ಮೆಂಟ್ ಅಂತ ಮಾರೋ ಹಾಗಿಲ್ಲ, ಮುಳುಗಿದ್ರೆ ನಷ್ಟ ಪೂರ್ತಿ ಸಾಲ ಕೊಟ್ಟವರದ್ದೇ. ಎಫ್‌ಡಿಗಿರೋ 5 ಲಕ್ಷದ ಇನ್ಶೂರೆನ್ಸ್ ಇಲ್ಲಿಲ್ಲ ಅನ್ನೋದೂ ನೆನಪಿರಲಿ.

ಕಂಪನಿಯೊಂದಕ್ಕೆ ಮಾಲು ಮಾರಿದ ದುಡ್ಡು ಬರೋ ಮೊದಲೇ ಹತ್ತಾರು ಜನ ಸೇರಿ ಆ ಬಿಲ್ಲಿಗೆ, ಅಂದ್ರೆ ಇನ್‌ವಾಯ್ಸ್‌ಗೆ, ದುಡ್ಡು ಹಾಕೋ ಡೀಲ್‌ಗಳಲ್ಲೂ ಇದೇ ಕಥೆ, "90 ದಿನಕ್ಕೆ ವಾಪಸ್" ಅಂತಿರುತ್ತೆ, ಆದ್ರೆ ಮಾಲು ತಗೊಂಡ ಕಂಪನಿ ಬಿಲ್ ಕಟ್ಟೋದು ಆರು ತಿಂಗಳು ಎಳೆದ್ರೆ ನೀವೂ ಆರು ತಿಂಗಳು ಕಾಯ್ಬೇಕು. ಪಿ2ಪಿಲಿ ದುಡ್ಡು ಐವತ್ತು ಜನಕ್ಕಾದ್ರೂ ಹಂಚಿರುತ್ತೆ, ಇಲ್ಲಿ ಒಂದೇ ಕಂಪನಿ.

ಇಷ್ಟಾದ್ಮೇಲೂ ಹಾಕ್ಬೇಕು ಅನ್ಸಿದ್ರೆ, ಕಂಪನಿಯ ಹೆಸರು ಆರ್‌ಬಿಐ ವೆಬ್‌ಸೈಟಿನ ಎನ್‌ಬಿಎಫ್‌ಸಿ-ಪಿ2ಪಿ ಪಟ್ಟಿಯಲ್ಲಿದ್ಯಾ ನೋಡಿ, ಆ್ಯಪ್‌ನ ಹೆಸರೇ ಬೇರೆ ಲೈಸೆನ್ಸ್ ಇರೋ ಕಂಪನಿಯ ಹೆಸರೇ ಬೇರೆ ಇರಬಹುದು. ದುಡ್ಡು ಹೋಗೋ ಅಕೌಂಟು ಎಸ್ಕ್ರೋ, ಅಂದ್ರೆ ಕಂಪನಿ ತನ್ನಿಷ್ಟಕ್ಕೆ ಮುಟ್ಟೋಕಾಗದ ಅಕೌಂಟೇ ಆಗಿರ್ಬೇಕು, ಕಂಪನಿಯ ಸ್ವಂತ ಕರೆಂಟ್ ಅಕೌಂಟ್ ಆಗಿದ್ರೆ ಅಲ್ಲಿಗೇ ನಿಲ್ಸಿ. ಒಬ್ಬ ಸಾಲಗಾರನಿಗೆ ಎಲ್ಲಾ ಆ್ಯಪ್ ಸೇರಿ 50,000ಕ್ಕಿಂತ ಜಾಸ್ತಿ ಕೊಡೋಕೆ ನಿಯಮವೇ ಬಿಡಲ್ಲ, ಅಷ್ಟು ಕೊಡೋದೂ ಬೇಡ. ಮೊದಲ ಆರು ತಿಂಗಳು ಆಟೋ ಇನ್ವೆಸ್ಟ್ ಆಫ್ ಮಾಡಿಟ್ಟು, ಬಂದ ಇಎಂಐನ ಬ್ಯಾಂಕಿಗೆ ಎಳ್ಕೊಂಡು, ಪ್ರತಿ ತಿಂಗಳೂ ಬರ್ಬೇಕಾದ್ದೆಷ್ಟು ಬಂದಿದ್ದೆಷ್ಟು ಬರೆದಿಡಿ.

ನಮ್ಮ ಹುಡುಗ ಕೊನೆಗೆ ಹತ್ತು ಸಾವಿರ ಹಾಕಿದ್ದಾನೆ. ಮೊದಲ ತಿಂಗಳು ಬರ್ಬೇಕಾಗಿದ್ದು 917, ಬಂದಿದ್ದು 880.