ಪ್ರತಿ ವರ್ಷ ಹೊಸ ತಂಡ, ಅದೇ ಉತ್ಸವ: ಗಂಜೀಫಾ ಎಲೆಯ ಮೇಲೆ ಕಟ್ಟಿದ ಒಂದು ಗುರುತು

ಮೈಸೂರಿನ ಒಂದು ಕಾಲೇಜಿನ ವಾರ್ಷಿಕ ಉತ್ಸವಕ್ಕೆ ದೃಶ್ಯ ಗುರುತನ್ನು ರೂಪಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ವಿನ್ಯಾಸಕನಾಗಿ ಅಂಗಡಿ, ಹೋಟೆಲುಗಳಿಗೆ ಲೋಗೋ ಮಾಡಿಕೊಡುವಾಗ ಎದುರಿಗೆ ಒಬ್ಬ ಮಾಲೀಕರಿರುತ್ತಾರೆ. ಅವರು ಒಪ್ಪಿದ್ದು ಹತ್ತು ವರ್ಷ ಬೋರ್ಡಿನ ಮೇಲೆ ಉಳಿಯುತ್ತದೆ. ಉತ್ಸವದಲ್ಲಿ ಹಾಗಿಲ್ಲ. ಅಂತಿಮ ವರ್ಷದವರು ಪರೀಕ್ಷೆ ಮುಗಿಸಿ ಹೊರಟ ಮೇಲೆ ಹೊಣೆ ಹೊರುವ ಹೊಸ ತಂಡ ಮೊದಲು ಕೇಳುವುದು ‘ಈ ಸಲ ನಮ್ಮದು ಅಂತ ಏನಿದೆ?’ ಎಂದು. ಈ ಹಂಬಲವನ್ನು ನಿಯಮಗಳಿಂದ ತಡೆಯಲು ಹೊರಟರೆ ಅವರು ಇಡೀ ಕೈಪಿಡಿಯನ್ನೇ ಮೂಲೆಗಿಟ್ಟು ಹೊಸ ಲೋಗೋ ಮಾಡಿಕೊಳ್ಳುತ್ತಾರೆ. ಆದ್ದರಿಂದ ಯಾವುದನ್ನು ಬದಲಿಸಲೇಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಆ ಜಾಗವನ್ನು ಹೊಸಬರಿಗೆ ಪೂರ್ತಿಯಾಗಿ ಬಿಟ್ಟುಕೊಡುವುದೇ ಸರಿ ಎಂದು ನನಗೆ ಅನ್ನಿಸಿತು.

ಇದಕ್ಕೆ ಸಿದ್ಧವಾದ ಮಾದರಿ ನಮ್ಮ ಊರಿನಲ್ಲೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಬೆಳೆದ ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಎಲೆಗಳು ದುಂಡಗಿರುತ್ತವೆ. ದಶಾವತಾರ ಗಂಜೀಫಾದಲ್ಲಿ 10 ಬಣಗಳು, ಬಣಕ್ಕೆ 12ರಂತೆ ಒಟ್ಟು 120 ಎಲೆಗಳು. ಪ್ರತಿ ಬಣದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದಂತೆ ಒಂದರಿಂದ ಹತ್ತರವರೆಗಿನ ಅಂಕಿ ಎಲೆಗಳು. ಬಣಕ್ಕೊಂದು ಚಿಹ್ನೆ, ಬಣಕ್ಕೊಂದು ಹಿನ್ನೆಲೆ ಬಣ್ಣ. ಆಕಾರ ಮತ್ತು ಕ್ರಮ ಮಾತ್ರ ಎಲ್ಲಕ್ಕೂ ಒಂದೇ. ಉತ್ಸವದ ಗುರುತನ್ನು ಇದೇ ಕಟ್ಟಿನ ಮೇಲೆ ನಿಲ್ಲಿಸಿದೆ. ದುಂಡು ಚೌಕಟ್ಟು, ಅದರ ಅಂಚಿನ ಬಳ್ಳಿ, ಉತ್ಸವದ ಹೆಸರಿನ ಅಕ್ಷರರೂಪ ಮತ್ತು ಒಂದು ಗಾಢ ನೀಲಿ ಶಾಯಿ, ಇವು ಸ್ಥಿರ. ಒಳಗಿನ ಚಿಹ್ನೆ ಮತ್ತು ಹಿನ್ನೆಲೆಯ ಬಣ್ಣ ಆಯಾ ವರ್ಷದ ತಂಡದ್ದು. ಅಂದರೆ ಪ್ರತಿ ತಂಡವೂ ಹೊಸ ಬಣವೊಂದನ್ನು ಸೇರಿಸುತ್ತದೆ.

ಅಂಕಿ ಎಲೆಗಳಿಂದ ಅಲಂಕಾರಕ್ಕಿಂತ ಹೆಚ್ಚಿನ ಉಪಯೋಗವಾಯಿತು. ಸ್ಪರ್ಧೆಗಳು ನಡೆಯುವ ಸ್ಥಳಗಳಿಗೆ ಒಂದರಿಂದ ಹತ್ತರವರೆಗೆ ಸಂಖ್ಯೆ ಕೊಟ್ಟು, ಬಾಗಿಲ ಮೇಲೆ ಅಷ್ಟೇ ಚಿಹ್ನೆಗಳಿರುವ ಎಲೆಯನ್ನು ಹಾಕುತ್ತೇವೆ. ಹೊರ ಕಾಲೇಜಿನಿಂದ ಬಂದವರ ಪಾಸಿನ ಮೇಲೂ ಅದೇ ಎಲೆ ಇರುತ್ತದೆ. ಅತಿಥಿಗಳದು ರಾಜನ ಎಲೆ, ಸಂಯೋಜಕರದು ಮಂತ್ರಿಯ ಎಲೆ. ಪ್ರಾಂಶುಪಾಲರಿಗೆ ಯಾವ ಎಲೆ ಎಂಬ ಚರ್ಚೆ ಮಾತ್ರ ಪ್ರತಿ ವರ್ಷ ನಡೆಯುತ್ತದೆ.

ಈ ಏರ್ಪಾಟಿನಿಂದಾಗಿ ಚಿಹ್ನೆಯನ್ನು ಒಪ್ಪುವುದಕ್ಕೂ ಒಂದು ಖಚಿತ ಪರೀಕ್ಷೆ ಸಿಕ್ಕಿತು. ಪಾಸಿನ ಅಡ್ಡಳತೆ ಮೂರು ಇಂಚು. ಅಂಚಿನ ಬಳ್ಳಿಯನ್ನು ಬಿಟ್ಟು ಉಳಿದ ಜಾಗದಲ್ಲಿ ಹತ್ತು ಚಿಹ್ನೆಗಳನ್ನು ಕೂರಿಸಿದರೆ ಒಂದೊಂದಕ್ಕೆ ಸುಮಾರು ಅರ್ಧ ಇಂಚು ಸಿಗುತ್ತದೆ. ಆ ಅಳತೆಯಲ್ಲಿ, ಒಂದೇ ಬಣ್ಣದಲ್ಲಿ ಮುದ್ರಿಸಿದಾಗಲೂ ಅದು ಏನೆಂದು ತಿಳಿಯಬೇಕು. ಒಂದು ತಂಡ ಮೈಸೂರಿನ ಟಾಂಗಾವನ್ನು ಆಯ್ದುಕೊಂಡಿತು. ಕುದುರೆ, ಚಕ್ರ, ಲಗಾಮು ಎಲ್ಲವೂ ಇದ್ದ ಸೊಗಸಾದ ಚಿತ್ರ ಅದು. ಪರದೆಯ ಮೇಲೆ ಎಲ್ಲರೂ ಮೆಚ್ಚಿದರು. ಹತ್ತರ ಎಲೆಯನ್ನು ಸಾಮಾನ್ಯ ಪ್ರಿಂಟರಿನಲ್ಲಿ ತೆಗೆದು ಮೇಜಿನ ಆಚೆ ಹಿಡಿದಾಗ ಕಂಡದ್ದು ಹತ್ತು ಮಸಿ ಕಲೆಗಳು. ಚಕ್ರವನ್ನಷ್ಟೇ ಇಟ್ಟುಕೊಳ್ಳೋಣ ಎಂದು ಒಬ್ಬ ಹುಡುಗ ಸೂಚಿಸಿದ. ಆದರೆ ದುಂಡು ಚೌಕಟ್ಟಿನೊಳಗೆ ಅರೆಕಾಲುಗಳಿರುವ ಚಕ್ರವನ್ನಿಟ್ಟರೆ ಅದು ಸರ್ಕಾರಿ ಮೊಹರಿನಂತೆ ಕಾಣುತ್ತದೆ, ಟಾಂಗಾ ಯಾರ ನೆನಪಿಗೂ ಬರುವುದಿಲ್ಲ. ಕೊನೆಗೆ ಉಳಿದದ್ದು ಟಾಂಗಾದ ಬಾಗಿದ ಮೇಲ್ಛಾವಣಿ, ಅದರ ಕೆಳಗೆ ಅರೆಕಾಲುಗಳಿಲ್ಲದ ಅರ್ಧ ಚಕ್ರ. ಒಟ್ಟು ಎರಡೇ ಗೆರೆಗಳು. ಮೇಲ್ಛಾವಣಿ ಒಂದು ಬದಿಗೆ ಮಾತ್ರ ತೆರೆದಿರುವುದರಿಂದ ಗಾಡಿಗೆ ದಿಕ್ಕು ಬಂತು. ಹತ್ತು ಗಾಡಿಗಳು ಒಂದೇ ಕಡೆ ಹೊರಟಂತೆ ಎಲೆ ತುಂಬಿತು. ಮೊದಲ ಚಿತ್ರವನ್ನು ಬಿಸಾಡಲಿಲ್ಲ. ರಾಜನ ಎಲೆಯಲ್ಲಿ ಒಂದೇ ಚಿತ್ರಕ್ಕೆ ಪೂರ್ತಿ ಜಾಗವಿರುವುದರಿಂದ ಅದು ಅಲ್ಲಿಗೆ ಹೋಯಿತು.

ಬಣ್ಣದ ವಿಷಯದಲ್ಲಿ ವಿದ್ಯಾರ್ಥಿಗಳು ಪರದೆಯಿಂದ ಆರಂಭಿಸುತ್ತಾರೆ. ನಾನು ಟೀ-ಶರ್ಟಿನ ಬಟ್ಟೆಯಿಂದ ಆರಂಭಿಸಲು ಹೇಳುತ್ತೇನೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಿಸಬೇಕು, ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಅದಕ್ಕಾಗಿ ಬಟ್ಟೆಯೇ ಆ ವರ್ಷದ ಬಣ್ಣದ್ದಾಗಿರಬೇಕು, ಮೇಲೆ ನೀಲಿ ಶಾಯಿ ಒಂದೇ ಸಾಕು. ಆದರೆ ವ್ಯಾಪಾರಿಯ ಬಳಿ ಇರುವ ಬಟ್ಟೆಯ ಬಣ್ಣಗಳು ಸೀಮಿತ, ಪರದೆಯಲ್ಲಿ ಬಣ್ಣಗಳಿಗೆ ಮಿತಿಯಿಲ್ಲ. ಹೊಳೆಯುವ ಹಸಿರು, ನೇರಳೆ ಬಣ್ಣಗಳಂತೂ ಕಾಗದದ ಮೇಲೆ ಬಂದಾಗ ಮಂಕಾಗುತ್ತವೆ. ಹೀಗಾಗಿ ಮೊದಲು ಬಟ್ಟೆಯ ತುಂಡುಗಳನ್ನು ತರಿಸಿ, ನೀಲಿ ಶಾಯಿ ಎದ್ದು ಕಾಣುವ ತಿಳಿ ಬಣ್ಣವೊಂದನ್ನು ಹಗಲು ಬೆಳಕಿನಲ್ಲಿ ಆರಿಸುತ್ತೇವೆ. ಪೋಸ್ಟರ್ ಮತ್ತು ಇನ್‌ಸ್ಟಾಗ್ರಾಂ ಪೋಸ್ಟುಗಳ ಬಣ್ಣವನ್ನು ಅದಕ್ಕೆ ಹೊಂದಿಸುತ್ತೇವೆ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧವಿರುವುದರಿಂದ ಬ್ಯಾನರ್ ಕೂಡ ಬಟ್ಟೆಯದೇ, ಅದಕ್ಕೂ ಇದೇ ಲೆಕ್ಕ ಸಲ್ಲುತ್ತದೆ.

ಕನ್ನಡ ಅಕ್ಷರಗಳಿಗೆ ಅನೇಕ್ ಕನ್ನಡ ಫಾಂಟ್ ಕುಟುಂಬವೊಂದನ್ನೇ ಬಳಸುತ್ತೇವೆ. ಅದು ಯೂನಿಕೋಡ್‌ನದು, ಮುಕ್ತ ಪರವಾನಗಿಯದು, ಕಿರಿದರಿಂದ ಅಗಲದವರೆಗೆ, ತೆಳುವಿನಿಂದ ದಪ್ಪದವರೆಗೆ ಒಂದೇ ಕುಟುಂಬದಲ್ಲಿ ಸಿಗುತ್ತದೆ. ಹೊಸ ತಂಡಕ್ಕೆ ಫಾಂಟ್ ಕಡತವನ್ನು ಹಾಗೆಯೇ ಕೊಟ್ಟುಬಿಡಬಹುದು. ಆದರೂ ಅಕ್ಷರ ಒಡೆಯುವುದು ಎರಡು ಕಡೆ. ಅಡೋಬಿ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಜೋಡಣೆಯ ಆಯ್ಕೆ ಹಾಕಿರದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇನ್ನು ಕೆಲವು ಮುದ್ರಣಾಲಯಗಳಲ್ಲಿ ಇವತ್ತಿಗೂ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳೇ ಇವೆ. ಅಲ್ಲಿ ಪಠ್ಯವನ್ನು ಮತ್ತೆ ಟೈಪ್ ಮಾಡುತ್ತಾರೆ, ತಪ್ಪುಗಳು ಹೊಕ್ಕುವುದು ಆಗಲೇ. ಹಾಗಾಗಿ ಪ್ರತಿ ಹೊಸ ಕಂಪ್ಯೂಟರಿನಲ್ಲಿ ಮೊದಲು ‘ರಾಷ್ಟ್ರೀಯ ಸಾಂಸ್ಕೃತಿಕ ಸ್ಪರ್ಧೆ’ ಎಂದು ಟೈಪ್ ಮಾಡಿ ನೋಡಲು ಹೇಳಿದ್ದೇನೆ. ಮೂರು ಅಂತಸ್ತಿನ ಒತ್ತು, ವಟ್ರಸುಳಿ, ಅರ್ಕಾವತ್ತು ಮೂರೂ ಅದರಲ್ಲಿವೆ. ಅದು ಸರಿಯಾಗಿ ಬಂದರೆ ಬಹುಮಟ್ಟಿಗೆ ಉಳಿದದ್ದೂ ಬರುತ್ತದೆ. ಮುದ್ರಣಕ್ಕೆ ಕಳಿಸುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಗೆರೆರೂಪಕ್ಕೆ ತಿರುಗಿಸಿಯೇ ಕಳಿಸಬೇಕು.

ವರ್ಗಾವಣೆಯ ಸಮಯದಲ್ಲಿ ಕಳೆದುಹೋಗುವುದು ಸಾಮಾನ್ಯವಾಗಿ ಎರಡು: ಮೂಲ ಕಡತ ಮತ್ತು ಪಾಸ್‌ವರ್ಡ್. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಜೆಪಿಇಜಿ ಮಾತ್ರ ಉಳಿದಿದ್ದರೆ, ಹೊಸಬರು ಅದನ್ನು ಹಿಗ್ಗಿಸಿ ಹತ್ತು ಅಡಿಯ ಬ್ಯಾನರಿಗೆ ಹಾಕುತ್ತಾರೆ, ಅಂಚಿನ ಬಳ್ಳಿ ಮಸುಕಾಗುತ್ತದೆ. ಆದ್ದರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಕಡತಗಳಿರುವ ಸ್ಥಿರ ಕಡತಕೋಶವನ್ನು ತಂಡಗಳು ತೆರೆದು ನೋಡಬಹುದು, ತಿದ್ದುವಂತಿಲ್ಲ. ಆ ವರ್ಷದ ಕೋಶದಲ್ಲಿ ಏನು ಬೇಕಾದರೂ ಮಾಡಬಹುದು. ಇನ್‌ಸ್ಟಾಗ್ರಾಂ ಖಾತೆ ಯಾವನೋ ಹಳೆಯ ವಿದ್ಯಾರ್ಥಿಯ ಮೊಬೈಲಿಗೆ ಜೋಡಣೆಯಾಗಿದ್ದರೆ ಓಟಿಪಿ ಅವನಿಗೇ ಹೋಗುತ್ತದೆ. ಅವನು ಬೆಂಗಳೂರಿನಲ್ಲಿ ಕೆಲಸದ ಮಧ್ಯೆ ಇರುತ್ತಾನೆ. ಈಗ ಖಾತೆಗಳೆಲ್ಲ ಕಾಲೇಜಿನ ಇಮೇಲ್ ಮತ್ತು ಕಚೇರಿಯ ದೂರವಾಣಿ ಸಂಖ್ಯೆಯಲ್ಲಿವೆ. ಪ್ರತಿ ತಂಡದಲ್ಲೂ ಎರಡನೆಯ ವರ್ಷದವರೊಬ್ಬರು ಕಡ್ಡಾಯವಾಗಿ ಇರುತ್ತಾರೆ, ಮರುವರ್ಷ ಮುದ್ರಣಾಲಯದ ದಾರಿ ತೋರಿಸುವವರು ಅವರೇ.

ಈ ವ್ಯವಸ್ಥೆಗೆ ಬಗ್ಗದಿರುವುದು ಪ್ರಾಯೋಜಕರ ಲೋಗೋ. ಬ್ಯಾನರಿನ ಕೆಳಗಿನ ಐದನೆಯ ಒಂದು ಭಾಗವನ್ನು ಅವರಿಗೆ ಮೀಸಲಿಟ್ಟಿದ್ದೇವೆ. ಎಲೆಯ ಒಳಗೆ ಮಾತ್ರ ಯಾರಿಗೂ ಜಾಗವಿಲ್ಲ. ಹೆಚ್ಚು ಹಣ ಕೊಡುವವರು ದುಂಡಿನೊಳಗೇ ತಮ್ಮ ಹೆಸರು ಬೇಕೆಂದು ಕೇಳಿದಾಗ ಕೆಲವರಿಗೆ ರಾಜನ ಎಲೆಯ ಹಿಂಬದಿ ತೋರಿಸಿ ಒಪ್ಪಿಸಿದ್ದುಂಟು. ಒಪ್ಪದವರ ವಿಷಯ ಬಂದಾಗ ಆ ವರ್ಷದ ಖಜಾಂಚಿಯ ಮಾತೇ ನಡೆಯುತ್ತದೆ, ವಿನ್ಯಾಸಕನದಲ್ಲ.