ಓರೆ ತಿರುವಿನ ಲೆಕ್ಕ: ನನ್ನ ಏಳು ಕಿಲೋಮೀಟರ್ ಎಲ್ಲಿ ಹೋಯಿತು?

ಹೊರ ಅಂಚು ಎತ್ತರಿಸಿದ ತಿರುವು. ತ್ರಿಜ್ಯ 80 ಮೀಟರ್, ಓರೆ 12 ಡಿಗ್ರಿ, ಟೈರು ಮತ್ತು ರಸ್ತೆ ನಡುವಿನ ಘರ್ಷಣಾ ಗುಣಾಂಕ 0.5. ಕಾರು ಜಾರದೆ ಗರಿಷ್ಠ ಎಷ್ಟು ವೇಗದಲ್ಲಿ ಹೋಗಬಹುದು? ನಾನು ಮೊದಲ ಸಲ ಮಾಡಿದಾಗ ಗಂಟೆಗೆ 83 ಕಿ.ಮೀ. ಬಂತು. ಪಕ್ಕದಲ್ಲಿ ಕೂತಿದ್ದ ಗೆಳೆಯನಿಗೆ 90. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯಾ ಅಂತ ಎರಡು ಸಲ ನೋಡಿದೆ. ಇತ್ತು.

ತಪ್ಪು ಮೊದಲ ಸಾಲಿನಲ್ಲೇ ಇತ್ತು. ರಸ್ತೆ ಕಾರನ್ನು ಲಂಬವಾಗಿ ಒತ್ತುವ ಬಲಕ್ಕೆ ನಾನು `N = mg cosθ` ಅಂತ ಬರೆದುಬಿಟ್ಟಿದ್ದೆ. ಇಳಿಜಾರಿನ ಹಲಗೆ ಮೇಲೆ ಪೆಟ್ಟಿಗೆ ಇಟ್ಟ ಲೆಕ್ಕಗಳನ್ನು ಮಾಡಿ ಮಾಡಿ ಕೈಗೆ ಅದೇ ರೂಢಿಯಾಗಿತ್ತು. ಪೆಟ್ಟಿಗೆ ಜಾರಿದರೂ ಹಲಗೆಯ ಉದ್ದಕ್ಕೇ ಜಾರುತ್ತದೆ. ಹಲಗೆಯಿಂದ ಮೇಲಕ್ಕೆ ಏಳುವುದಿಲ್ಲ, ಒಳಗೆ ಹೂತುಹೋಗುವುದೂ ಇಲ್ಲ. ಹಾಗಾಗಿ ಅಲ್ಲಿ ಆ ಸಾಲು ಸರಿ. ಕಾರಿನ ಕತೆ ಬೇರೆ. ಅದರ ವೇಗೋತ್ಕರ್ಷ ವೃತ್ತದ ಕೇಂದ್ರದ ಕಡೆಗೆ, ಅಂದರೆ ನೆಲಕ್ಕೆ ಸಮಾನಾಂತರವಾಗಿ ಇರುತ್ತದೆ, ಓರೆಯ ಉದ್ದಕ್ಕೆ ಅಲ್ಲ. ಅದರಲ್ಲಿ ಒಂದು ಪಾಲು ರಸ್ತೆಯ ಮೇಲ್ಮೈಗೆ ಲಂಬವಾಗಿ ಬರುತ್ತದೆ. ಅದನ್ನು ಕೊಡಲು ರಸ್ತೆ ಕಾರನ್ನು ಇನ್ನೂ ಜಾಸ್ತಿ ಒತ್ತಬೇಕು.

ಅಂದಿನಿಂದ ಇಳಿಜಾರಿನ ಉದ್ದಕ್ಕೆ ಅಕ್ಷ ಎಳೆಯುವುದನ್ನೇ ಬಿಟ್ಟೆ. ಕಾರನ್ನು ಹಿಂದಿನಿಂದ ನೋಡಿದ ಹಾಗೆ ಚಿತ್ರ ಬರೆಯುತ್ತೇನೆ. ಬಾಣಗಳು ಮೂರೇ: ಕೆಳಕ್ಕೆ ತೂಕ, ರಸ್ತೆಗೆ ಲಂಬವಾಗಿ N, ರಸ್ತೆಯ ಉದ್ದಕ್ಕೆ ಘರ್ಷಣೆ. ಕೇಂದ್ರಾಭಿಮುಖ ಬಲ ಅಂತ ನಾಲ್ಕನೇ ಬಾಣ ಹಾಕುವುದಿಲ್ಲ, ಈ ಮೂರೂ ಸೇರಿದಾಗ ಸಿಗುವುದೇ ಅದು. ಗರಿಷ್ಠ ವೇಗದಲ್ಲಿ ಕಾರು ಮೇಲಕ್ಕೆ, ಹೊರಗೆ ಜಾರಲು ನೋಡುತ್ತದೆ. ಹಾಗಾಗಿ ಘರ್ಷಣೆಯ ಬಾಣ ಓರೆಯಲ್ಲಿ ಕೆಳಮುಖ. ಆಮೇಲೆ ನೆಟ್ಟಗೆ ಒಂದು ಸಮೀಕರಣ, ಅಡ್ಡಕ್ಕೆ ಒಂದು:

```
N cosθ = mg + μN sinθ
N sinθ + μN cosθ = mv²/r
```

ಮೊದಲನೆಯದನ್ನು ನೋಡಿ. ಘರ್ಷಣೆಯೂ ಕಾರನ್ನು ಕೆಳಕ್ಕೆ ಎಳೆಯುತ್ತಿದೆ, ಅದನ್ನೂ N ಹೊರಬೇಕು. N ಹೆಚ್ಚಿದರೆ ಘರ್ಷಣೆಯ ಮಿತಿಯೂ ಹೆಚ್ಚುತ್ತದೆ. 1000 ಕಿಲೋ ಕಾರಿಗೆ N ಸುಮಾರು 11,200 ನ್ಯೂಟನ್ ಆಗುತ್ತದೆ. ನಾನು ಹಿಡಿದದ್ದು ಬರೀ 9,600. ಕಾರಿನ ತೂಕವೇ 9,800 ಅಲ್ವಾ, ಅದಕ್ಕಿಂತಲೂ ಕಡಿಮೆ! ಕಳೆದುಹೋದ ಏಳು ಕಿಲೋಮೀಟರ್ ಇಲ್ಲೇ ಇತ್ತು.

ಮೊದಲನೆಯದರಲ್ಲಿ N ಇರುವ ಪದಗಳನ್ನೆಲ್ಲ ಎಡಕ್ಕೆ ತಂದು, ಎರಡನೆಯದನ್ನು ಅದರಿಂದ ಭಾಗಿಸಿದರೆ N, m ಎರಡೂ ಹೊರಟುಹೋಗುತ್ತವೆ:

```
v² = rg (μ + tanθ) / (1 − μ tanθ)
   = 784 × 0.7126 / 0.8937 ≈ 625
```

v = 25 ಮೀ/ಸೆ. ಅಂದರೆ ಗಂಟೆಗೆ 90 ಕಿ.ಮೀ. ಗೆಳೆಯನದೇ ಸರಿ. m ಹೊರಟುಹೋದದ್ದರಿಂದ ಈ ಲೆಕ್ಕದಲ್ಲಿ ಖಾಲಿ ಕಾರಿಗೂ ತುಂಬಿದ ಕಾರಿಗೂ ಮಿತಿ ಒಂದೇ.

ಉತ್ತರ ಬಂದ ಮೇಲೆ ಎರಡು ಪರೀಕ್ಷೆ ಮಾಡುತ್ತೇನೆ. θ ಸೊನ್ನೆ ಹಾಕಿದರೆ ಸಮತಟ್ಟು ರಸ್ತೆಯ `√(μrg)` ಬರಬೇಕು. ಇಲ್ಲಿ ಅದು 71 ಕಿ.ಮೀ. μ ಸೊನ್ನೆ ಹಾಕಿದರೆ `√(rg tanθ)`, ಸುಮಾರು 46 ಕಿ.ಮೀ. ಈ ಎರಡನೆಯ ವೇಗದಲ್ಲಿ ಹೋದರೆ ಅಡ್ಡ ಘರ್ಷಣೆಯೇ ಬೇಕಿಲ್ಲ. ಅದಕ್ಕಿಂತ ನಿಧಾನವಾದರೆ ಘರ್ಷಣೆ ದಿಕ್ಕು ಬದಲಿಸಿ ಮೇಲ್ಮುಖವಾಗುತ್ತದೆ. ಗರಿಷ್ಠ ವೇಗ ಕೇಳಿದಾಗ ಸುಮ್ನೆ ಮೇಲ್ಮುಖ ಬಾಣ ಹಾಕಿದವರಿಗೆ ಸಿಗುವುದು ಕನಿಷ್ಠ ವೇಗ. ಇಲ್ಲಿ μ ಬೆಲೆ `tanθ`ಗಿಂತ ಜಾಸ್ತಿ ಇರುವುದರಿಂದ v² ಋಣ ಸಂಖ್ಯೆಯಾಗುತ್ತದೆ. ತಪ್ಪು ಹಿಡಿಯಲು ಅಷ್ಟೇ ಸಾಕು.

90 ಅನ್ನುವುದು ಜಾರುವ ಅಂಚು, ಹಾಯಾಗಿ ಓಡಿಸುವ ವೇಗವಲ್ಲ. ಆ ಅಂಚಿನಲ್ಲಿ ಘರ್ಷಣೆಯೆಲ್ಲ ತಿರುಗುವುದಕ್ಕೇ ಖರ್ಚಾಗಿರುತ್ತದೆ, ಬ್ರೇಕಿಗೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಸುರಕ್ಷಿತ ವೇಗ ಬೇಕಾದಾಗ ನಾನು ಜಾರು ರಸ್ತೆಯ μ ಹಾಕಿ ಮತ್ತೊಮ್ಮೆ ಲೆಕ್ಕ ಮಾಡುತ್ತೇನೆ. 0.2 ಹಾಕಿದರೆ ಮಿತಿ 66 ಕಿ.ಮೀ.ಗೆ ಇಳಿಯುತ್ತದೆ.

ಆ 0.2ರಲ್ಲೇ ಇನ್ನೊಂದು ತಮಾಷೆ ಕಂಡಿತು. `tan 12°` 0.2126. ಈಗ μ ಅದಕ್ಕಿಂತ ಚೂರು ಕಡಿಮೆ. ಕನಿಷ್ಠ ವೇಗದ ಲೆಕ್ಕ ಮಾಡಿದರೆ ಋಣ ಬರಲಿಲ್ಲ, ಗಂಟೆಗೆ 11 ಕಿ.ಮೀ. ಬಂತು. ಅದಕ್ಕಿಂತ ನಿಧಾನವಾಗಿ ಹೋದರೆ, ಅಥವಾ ತಿರುವಿನಲ್ಲಿ ನಿಲ್ಲಿಸಿದರೆ, ಕಾರು ಒಳ ಅಂಚಿನ ಕಡೆಗೆ ತಾನೇ ಜಾರಿಕೊಂಡು ಇಳಿಯುತ್ತದೆ.