ಉಪ್ಪಿನ ಅಯೋಡಿನ್ ತಟ್ಟೆಯವರೆಗೆ ಉಳಿಸಿಕೊಳ್ಳುವುದು ಹೇಗೆ?

ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬದುಕಿದವರ ಪಾಲನ್ನೆಲ್ಲ ಒಟ್ಟುಗೂಡಿಸಿದರೂ 4 ಗ್ರಾಂ ಆಗುವುದಿಲ್ಲ, ಒಂದು ಟೀ ಚಮಚವೂ ತುಂಬುವುದಿಲ್ಲ. ಇಷ್ಟು ಸಣ್ಣ ಪ್ರಮಾಣ ದಿನದಿನವೂ ಸಿಗದೆ ಹೋದರೆ ಕುತ್ತಿಗೆಯಲ್ಲಿ ಗಳಗಂಡ ಊದಿಕೊಳ್ಳುತ್ತದೆ. ಗರ್ಭಿಣಿಯಲ್ಲಿ ತೀವ್ರ ಕೊರತೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ, ಆ ನಷ್ಟವನ್ನು ಆಮೇಲೆ ತುಂಬಿಕೊಡಲು ಆಗುವುದಿಲ್ಲ. ನನ್ನನ್ನು ಈ ವಿಷಯದತ್ತ ಮತ್ತೆ ಮತ್ತೆ ಎಳೆಯುವುದು ಕುತ್ತಿಗೆಯ ಊತಕ್ಕಿಂತ ಹೆಚ್ಚಾಗಿ ಈ ಎರಡನೆಯ ಸಂಗತಿ.

ಉಪ್ಪಿಗೆ ಅಯೋಡಿನ್ ಬೆರೆಸುವುದು ಇದಕ್ಕೆ ಪರಿಹಾರ ಎಂಬುದು ಬಹಳ ಜನರಿಗೆ ಗೊತ್ತು. ಆದರೆ ಕಾರ್ಖಾನೆಯಲ್ಲಿ ಬೆರೆತ ಅಯೋಡಿನ್ ಮತ್ತು ಬಾಯಿಗೆ ತಲುಪಿದ ಅಯೋಡಿನ್ ಒಂದೇ ಅಲ್ಲ. ದಾರಿಯಲ್ಲಿ ಅದು ಎಲ್ಲಿ ಸೋರುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಕುತ್ತಿಗೆಯನ್ನು ನೋಡುವುದು

ಅಯೋಡಿನ್ ನೆಲದಲ್ಲಿ ಗಟ್ಟಿಯಾಗಿ ಕೂರುವ ವಸ್ತುವಲ್ಲ. ಹಿಮನದಿ, ಮಳೆ, ಪ್ರವಾಹಗಳು ಅದನ್ನು ಮಣ್ಣಿನಿಂದ ತೊಳೆದು ಸಮುದ್ರಕ್ಕೆ ಒಯ್ಯುತ್ತವೆ. ಹಾಗಾಗಿ ಬೆಟ್ಟದ ಕಣಿವೆಗಳಲ್ಲೂ ಪದೇ ಪದೇ ನೆರೆ ಬರುವ ಬಯಲುಗಳಲ್ಲೂ ಮಣ್ಣು ಬಡವಾಗಿರುತ್ತದೆ. ಆ ಮಣ್ಣಿನ ಬೆಳೆಯಲ್ಲಿ ಅಯೋಡಿನ್ ಕಡಿಮೆ, ಅದನ್ನು ತಿಂದ ದನದ ಹಾಲಿನಲ್ಲೂ ಕಡಿಮೆ. ಹೊಟ್ಟೆ ತುಂಬ ಊಟ ಮಾಡಿಯೂ ಜನ ಕೊರತೆಯಲ್ಲಿಯೇ ಇರುತ್ತಾರೆ.

ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಅಯೋಡಿನ್‌ನಿಂದಲೇ ಕಟ್ಟುತ್ತದೆ. ಹಾರ್ಮೋನು ಸಾಲದಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಸಂದೇಶವನ್ನು ಹೆಚ್ಚು ಹೆಚ್ಚು ಕಳಿಸುತ್ತದೆ. ಆ ಒತ್ತಾಯಕ್ಕೆ ಥೈರಾಯ್ಡ್ ತನ್ನ ಜೀವಕೋಶಗಳನ್ನು ಹೆಚ್ಚಿಸಿಕೊಂಡು, ಸಿಕ್ಕ ಅಲ್ಪಸ್ವಲ್ಪ ಅಯೋಡಿನ್ನನ್ನೂ ಬಾಚಿಕೊಳ್ಳಲು ನೋಡುತ್ತದೆ. ಗಳಗಂಡವೆಂದರೆ ಹೀಗೆ ದುಡಿದು ದುಡಿದು ದಪ್ಪವಾದ ಗ್ರಂಥಿ.

ಪರೀಕ್ಷೆಗೆ 6ರಿಂದ 12 ವರ್ಷದ ಶಾಲಾ ಮಕ್ಕಳು ಸೂಕ್ತ. ಮಗುವನ್ನು ಎದುರಿಗೆ ನಿಲ್ಲಿಸಿ, ಮೊದಲು ಕುತ್ತಿಗೆ ಸಹಜವಾಗಿರುವಾಗಲೇ ನೋಡುತ್ತಾರೆ. ಊತ ಕಣ್ಣಿಗೆ ಕಂಡರೆ ಅದು ಎರಡನೇ ದರ್ಜೆ. ಕಾಣದಿದ್ದರೆ ಗಂಟಲ ಗಂಟಿನ ಕೆಳಗೆ, ಶ್ವಾಸನಾಳದ ಎರಡೂ ಬದಿಯಲ್ಲಿ ಹೆಬ್ಬೆರಳುಗಳನ್ನು ಹಗುರವಾಗಿ ಇಟ್ಟು ಉಗುಳು ನುಂಗಲು ಹೇಳುತ್ತಾರೆ. ಥೈರಾಯ್ಡ್ ಆಗಿದ್ದರೆ ನುಂಗುವಾಗ ಮೇಲಕ್ಕೆ ಸರಿಯುತ್ತದೆ. ಅದರ ಒಂದು ಹಾಲೆಯು ಆ ಮಗುವಿನದೇ ಹೆಬ್ಬೆರಳಿನ ತುದಿಗೆಣ್ಣಿಗಿಂತ ದೊಡ್ಡದಾಗಿ ಕೈಗೆ ಸಿಕ್ಕರೆ ಅದು ಮೊದಲನೇ ದರ್ಜೆಯ ಗಳಗಂಡ. ಅಳತೆಗೋಲು ಮಗುವಿನ ಬೆರಳು, ಪರೀಕ್ಷಿಸುವವರ ಬೆರಳಲ್ಲ. ನೂರು ಮಕ್ಕಳಲ್ಲಿ ಐವರು ಅಥವಾ ಹೆಚ್ಚು ಮಂದಿಗೆ ಹೀಗಿದ್ದರೆ ಅದನ್ನು ಇಡೀ ಪ್ರದೇಶದ ಸಮಸ್ಯೆಯೆಂದು ಪರಿಗಣಿಸುತ್ತಾರೆ.

ಒಬ್ಬರ ಕುತ್ತಿಗೆ ಮಾತ್ರ ಊದಿದ್ದರೆ ಕಾರಣ ಬೇರೆಯೂ ಇರಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಕಾಯಿಲೆಗಳಿವೆ, ಗಂಟುಗಳಿವೆ, ಅಪರೂಪಕ್ಕೆ ಕ್ಯಾನ್ಸರ್ ಇದೆ. ಉಪ್ಪು ಬದಲಿಸಿ ಕಾಯುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ಹಂತ 2: ಬೆರೆಸುವುದು

ಅಯೋಡಿನ್ ಹೊರಲು ಉಪ್ಪನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಬಡವರೂ ಶ್ರೀಮಂತರೂ ಅದನ್ನು ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುತ್ತಾರೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಕಣಿವೆಯನ್ನು ಮೂರು ವಲಯ ಮಾಡಿ ಎರಡಕ್ಕೆ ಅಯೋಡಿನ್ ಬೆರೆತ ಉಪ್ಪನ್ನೂ ಒಂದಕ್ಕೆ ಬರೀ ಉಪ್ಪನ್ನೂ ಕೊಟ್ಟರು. ಆರು ವರ್ಷ ಕಳೆಯುವಷ್ಟರಲ್ಲಿ ಅಯೋಡಿನ್ ಉಪ್ಪು ಹೋದ ವಲಯಗಳ ಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿದಿತ್ತು. ಬರೀ ಉಪ್ಪು ತಿಂದ ವಲಯದಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ಬೆರೆಸುವುದಕ್ಕೆ ಎರಡು ಲವಣಗಳಿವೆ. ಪೊಟ್ಯಾಶಿಯಂ ಅಯೋಡೈಡ್ ಒಣಗಿದ, ಶುದ್ಧವಾದ ಉಪ್ಪಿನಲ್ಲಿ ಚೆನ್ನಾಗಿಯೇ ಉಳಿಯುತ್ತದೆ. ಆದರೆ ತೇವವೂ ಕಲ್ಮಶವೂ ಇರುವ ಉಪ್ಪಿನಲ್ಲಿ ಗಾಳಿಯೊಂದಿಗೆ ವರ್ತಿಸಿ ಆವಿಯಾಗಿ ಹೋಗುತ್ತದೆ. ಅಂಥ ಕಡೆ ಪೊಟ್ಯಾಶಿಯಂ ಅಯೋಡೇಟ್ ಬಾಳಿಕೆ ಬರುತ್ತದೆ.

ಈಗ ಒಂದು ಟನ್ ಉಪ್ಪನ್ನು ತೆಗೆದುಕೊಳ್ಳೋಣ. ಕಿಲೋಗೆ 30 ಮಿಲಿಗ್ರಾಂ ಅಯೋಡಿನ್ ಇರಬೇಕೆಂದರೆ ಟನ್ನಿಗೆ 30 ಗ್ರಾಂ ಬೇಕು. ಅಯೋಡೇಟ್‌ನ ತೂಕದಲ್ಲಿ ಅಯೋಡಿನ್ ಪಾಲು ಶೇ 59ರಷ್ಟು ಮಾತ್ರ. ಆದ್ದರಿಂದ ತೂಗಬೇಕಾದದ್ದು ಸುಮಾರು 51 ಗ್ರಾಂ ಅಯೋಡೇಟ್. ಇದನ್ನು ಒಂದೂಮುಕ್ಕಾಲು ಲೀಟರ್ ನೀರಿನಲ್ಲಿ ಕರಗಿಸಿ, ಪಟ್ಟಿಯ ಮೇಲೆ ಸಾಗುವ ಉಪ್ಪಿನ ಮೇಲೆ ತುಂತುರಾಗಿ ಸಿಂಪಡಿಸಿ, ಆಮೇಲೆ ಕಲಸುತ್ತಾರೆ. ಇಪ್ಪತ್ತು ಸಾವಿರ ಪಾಲು ಉಪ್ಪಿಗೆ ಒಂದು ಪಾಲು ಅಯೋಡೇಟ್!

ಎಡವುವುದು ಇಲ್ಲೇ. ಸಿಂಪಡಿಸುವ ಕೊಳವೆಯ ಬಾಯಿಯಲ್ಲಿ ಉಪ್ಪು ಕಟ್ಟಿಕೊಂಡು ತುಂತುರು ನಿಂತುಹೋದರೂ ಪಟ್ಟಿ ಮಾತ್ರ ಸಾಗುತ್ತಲೇ ಇರುತ್ತದೆ. ಒಂದು ಚೀಲಕ್ಕೆ ಅಯೋಡಿನ್ ಬೀಳುವುದೇ ಇಲ್ಲ, ಕೊಳವೆ ತೆರೆದುಕೊಂಡ ಮೇಲೆ ಬಂದ ಚೀಲಕ್ಕೆ ಎರಡರಷ್ಟು ಬಿದ್ದಿರಬಹುದು. ಇಡೀ ದಿನದ ಸರಾಸರಿ ತೆಗೆದರೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಸರಾಸರಿಯನ್ನು ನಂಬದೆ ಚೀಲದಿಂದ ಚೀಲಕ್ಕೆ ಮಾದರಿ ತೆಗೆದು ಬೇರೆ ಬೇರೆಯಾಗಿ ಅಳೆಯಬೇಕು.

ಹಂತ 3: ಅಳೆಯುವುದು

ಪ್ರಯೋಗಾಲಯದ ವಿಧಾನ ನೋಡಲು ಚೆಂದ. 10 ಗ್ರಾಂ ಉಪ್ಪನ್ನು ನೀರಿನಲ್ಲಿ ಕರಗಿಸಿ ಸ್ವಲ್ಪ ಸಲ್ಫ್ಯೂರಿಕ್ ಆಮ್ಲವನ್ನೂ ಪೊಟ್ಯಾಶಿಯಂ ಅಯೋಡೈಡ್ ದ್ರಾವಣವನ್ನೂ ಹಾಕಿ ಹತ್ತು ನಿಮಿಷ ಕತ್ತಲೆಯಲ್ಲಿಡುತ್ತಾರೆ. ಉಪ್ಪಿನಲ್ಲಿದ್ದ ಅಯೋಡೇಟ್ ಅಯೋಡಿನ್ ಆಗಿ ಬಿಡುಗಡೆಯಾಗಿ ದ್ರಾವಣ ಹಳದಿಗೆ ತಿರುಗುತ್ತದೆ. ಆಮೇಲೆ 0.005 ನಾರ್ಮಲ್ ಸಾಂದ್ರತೆಯ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಹಳದಿ ತೆಳುವಾದಾಗ ಪಿಷ್ಟದ ದ್ರಾವಣ ಹಾಕಿದರೆ ಕಡು ನೇರಳೆ ಬಣ್ಣ ಬರುತ್ತದೆ. ಹನಿ ಬಿಡುವುದನ್ನು ಮುಂದುವರಿಸಿದರೆ ಒಂದು ಹನಿಗೆ ಬಣ್ಣವೆಲ್ಲ ಹೋಗಿ ನೀರು ತಿಳಿಯಾಗುತ್ತದೆ. ಅಲ್ಲಿಯವರೆಗೆ ಬಿದ್ದ ಮಿಲಿಲೀಟರುಗಳನ್ನು 10.58ರಿಂದ ಗುಣಿಸಿದರೆ ಕಿಲೋ ಉಪ್ಪಿನಲ್ಲಿರುವ ಅಯೋಡಿನ್ ಮಿಲಿಗ್ರಾಂಗಳಲ್ಲಿ ಸಿಗುತ್ತದೆ. 2.8 ಮಿಲಿಲೀಟರ್ ಬಿದ್ದಿದ್ದರೆ 29.6, ಅಂದರೆ ನಮ್ಮ ಗುರಿಯ ಹತ್ತಿರ.

ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಒಯ್ಯುವುದು ಸಣ್ಣ ಸೀಸೆಯ ಕಿಟ್. ಉಪ್ಪಿನ ಮೇಲೆ ಒಂದೆರಡು ಹನಿ ಹಾಕಿದರೆ ನೀಲಿಯಾಗುತ್ತದೆ. ನೀಲಿ ಬಂದರೆ ಅಯೋಡಿನ್ ಇದೆ ಎನ್ನಬಹುದು, ಎಷ್ಟಿದೆ ಎಂದು ಬಣ್ಣದ ಗಾಢತೆ ನೋಡಿ ಹೇಳುವುದು ಭರವಸೆಯ ಮಾತಲ್ಲ. ನೀಲಿ ಬರಲಿಲ್ಲವೆಂದು ಕೂಡಲೇ ಉಪ್ಪನ್ನು ದೂರಬೇಡಿ. ಉಪ್ಪು ಕ್ಷಾರೀಯವಾಗಿದ್ದರೆ ಬಣ್ಣ ಮೂಡುವುದಿಲ್ಲ. ಹೊಸದಾಗಿ ಒಂದಿಷ್ಟು ಉಪ್ಪು ತೆಗೆದು, ಮೊದಲು ಕಿಟ್‌ನಲ್ಲಿಯೇ ಇರುವ ಆಮ್ಲೀಯ ದ್ರಾವಣದ ಹನಿ ಹಾಕಿ, ಅದರ ಮೇಲೆ ಪರೀಕ್ಷಾ ದ್ರಾವಣ ಹಾಕಿ ನೋಡಬೇಕು. ಅಯೋಡೇಟ್‌ಗೆಂದು ಮಾಡಿದ ಕಿಟ್ ಅಯೋಡೈಡ್ ಬೆರೆಸಿದ ಉಪ್ಪನ್ನು ಗುರುತಿಸುವುದಿಲ್ಲ ಎಂಬುದೂ ನೆನಪಿರಲಿ.

ಹಂತ 4: ದಾರಿಯಲ್ಲೂ ಮನೆಯಲ್ಲೂ ಉಳಿಸಿಕೊಳ್ಳುವುದು

ಅಯೋಡೇಟ್ ಉಪ್ಪಿನ ಹರಳಿನೊಳಗೆ ಇರುವುದಿಲ್ಲ, ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಇದೊಂದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸರಿಯಾಗಿ ಶುದ್ಧೀಕರಿಸದ ಹರಳುಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಉಳಿದಿರುತ್ತದೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹರಳುಗಳು ಬೆವರಿದಂತಾಗಿ, ಆ ನೀರು ಅಯೋಡೇಟನ್ನು ಕರಗಿಸಿಕೊಂಡು ಚೀಲದ ತಳಕ್ಕೆ ಇಳಿಯುತ್ತದೆ. ನೇಯ್ದ ಚೀಲವಾದರೆ ಅಲ್ಲಿಂದ ನೆಲಕ್ಕೆ. ಗೋದಾಮಿನಲ್ಲಿ ಚೀಲದ ಬುಡ ಒದ್ದೆಯಾಗಿ ನೆಲದ ಮೇಲೆ ಕಲೆ ಮೂಡಿದ್ದರೆ, ಅಲ್ಲಿ ಹರಿದು ಹೋಗಿರುವುದು ಬರೀ ನೀರಲ್ಲ. ಒಳಗೆ ಪ್ಲಾಸ್ಟಿಕ್ ಪದರವಿರುವ ಚೀಲ, ಅದರ ಕೆಳಗೆ ಮರದ ಹಲಗೆ, ಮಳೆ ಬಿಸಿಲು ತಾಗದ ಜಾಗ ಇಷ್ಟಿದ್ದರೆ ಈ ಸೋರಿಕೆಯ ಬಹುಪಾಲು ನಿಲ್ಲುತ್ತದೆ.

ಮನೆಯಲ್ಲಿ ಹರಳುಪ್ಪನ್ನು ಕೊಳೆಯಿದೆಯೆಂದು ತೊಳೆದು ಬಳಸಿದರೆ ಕೊಳೆಯ ಜೊತೆ ಅಯೋಡಿನ್ ಕೂಡ ಹೋಗುತ್ತದೆ. ಶುಚಿಯಾದ ಪುಡಿ ಉಪ್ಪನ್ನೇ ತಂದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆಯ ಬಿಸಿಯಿಂದ ದೂರ ಇಡುವುದು ಒಳ್ಳೆಯದು. ಒಣ ಚಮಚ ಬಳಸಿ. ಅಡುಗೆಯ ಕೊನೆಗೆ ಉಪ್ಪು ಹಾಕಿದರೆ ನಷ್ಟ ಇನ್ನೂ ಕಡಿಮೆ.

ನಮ್ಮ ಟನ್ ಉಪ್ಪಿನ ಲೆಕ್ಕಕ್ಕೆ ಮರಳೋಣ. ಕಾರ್ಖಾನೆಯಿಂದ ಹೊರಟಾಗ ಕಿಲೋಗೆ 30 ಮಿಲಿಗ್ರಾಂ. ಮನೆ ಸೇರುವಷ್ಟರಲ್ಲಿ ಐದನೇ ಒಂದು ಪಾಲು ಹೋಯಿತೆಂದು ಹಿಡಿದರೆ 24. ಅಡುಗೆಯಲ್ಲಿ ಮತ್ತೆ ಐದನೇ ಒಂದು ಪಾಲು ಹೋದರೆ 19ಕ್ಕಿಂತ ತುಸು ಹೆಚ್ಚು. ದಿನಕ್ಕೆ 8 ಗ್ರಾಂ ಉಪ್ಪು ತಿನ್ನುವವರಿಗೆ ಸುಮಾರು 154 ಮೈಕ್ರೋಗ್ರಾಂ ಸಿಕ್ಕಂತಾಯಿತು, ಸಾಕಾಯಿತು. ಅದೇ ಚೀಲ ಒದ್ದೆಯಾಗಿ ಅರ್ಧದಷ್ಟು ಸೋರಿದ್ದರೆ ತಟ್ಟೆಗೆ ಬಂದದ್ದು 100 ಮೈಕ್ರೋಗ್ರಾಂಗಿಂತಲೂ ಕಡಿಮೆ. ಪೊಟ್ಟಣದ ಮೇಲಿನ ಮುದ್ರೆ ಎರಡಕ್ಕೂ ಒಂದೇ.

ರಕ್ತದೊತ್ತಡಕ್ಕೆ ಹೆದರಿ ಉಪ್ಪು ಕಡಿಮೆ ಮಾಡಿದರೆ ಅಯೋಡಿನ್ ಗತಿಯೇನು ಎಂದು ಹಲವರು ಕೇಳುತ್ತಾರೆ. ಅಯೋಡಿನ್‌ಗಾಗಿ ಹೆಚ್ಚು ಉಪ್ಪು ತಿನ್ನಬೇಕಿಲ್ಲ, ಉಪ್ಪಿನಲ್ಲಿರುವ ಅಯೋಡಿನ್ ಪ್ರಮಾಣವನ್ನು ಹೆಚ್ಚಿಸಬೇಕು. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವ ಜನರಿಗೆ ಕಿಲೋಗೆ 20 ಮಿಲಿಗ್ರಾಂ, 5 ಗ್ರಾಂ ತಿನ್ನುವವರಿಗೆ 39 ಮಿಲಿಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2014ರ ಮಾರ್ಗಸೂಚಿ ಹೇಳುತ್ತದೆ. ಸಿದ್ಧ ಆಹಾರ ಹೆಚ್ಚು ತಿನ್ನುವಲ್ಲಿ ಅದನ್ನು ತಯಾರಿಸುವವರು ಯಾವ ಉಪ್ಪು ಬಳಸುತ್ತಾರೆ ಎಂಬುದೂ ಮುಖ್ಯ. ಮನೆಯ ಡಬ್ಬಿಯಲ್ಲಿ ಅಯೋಡಿನ್ ಉಪ್ಪಿದ್ದು ಪೊಟ್ಟಣದ ತಿನಿಸಿನಲ್ಲಿ ಬರೀ ಉಪ್ಪಿದ್ದರೆ ಲೆಕ್ಕ ತಪ್ಪುತ್ತದೆ.

ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ದಿನಕ್ಕೆ 250 ಮೈಕ್ರೋಗ್ರಾಂ ಬೇಕು. ಉಪ್ಪು ಸರಿಯಾಗಿ ತಲುಪದ ಪ್ರದೇಶದಲ್ಲಿ ಅವರಿಗೆ ಬೇರೆಯಾಗಿ ಅಯೋಡಿನ್ ಕೊಡಬೇಕಾಗುತ್ತದೆ, ಆದರೆ ವೈದ್ಯರ ಸಲಹೆಯಂತೆ ಮಾತ್ರ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನನ್ನು ಯಾರೂ ಕುಡಿಯಕೂಡದು. ಸಮುದ್ರಪಾಚಿಯ ಮಾತ್ರೆಗಳಲ್ಲಿ ಬೇಕಾದದ್ದಕ್ಕಿಂತ ಹತ್ತಾರು ಪಟ್ಟು ಇರಬಹುದಾದ್ದರಿಂದ ಅವೂ ಬೇಡ.

ಹಂತ 5: ಫಲ ನೋಡುವುದು

ಮೊದಲು ಬದಲಾಗುವುದು ಮೂತ್ರ, ಕುತ್ತಿಗೆ ಆಮೇಲೆ. ತಿಂದ ಅಯೋಡಿನ್‌ನ ಬಹುಪಾಲು ಮೂತ್ರದಲ್ಲಿಯೇ ಹೊರಹೋಗುತ್ತದೆ. ಹಾಗಾಗಿ ಶಾಲಾ ಮಕ್ಕಳ ಮೂತ್ರದ ಮಾದರಿಗಳನ್ನು ಅಳೆದು, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನ ಅಂಕಿಯನ್ನು ನೋಡುತ್ತಾರೆ. ಅದು ಲೀಟರಿಗೆ 100 ಮೈಕ್ರೋಗ್ರಾಂ ದಾಟಿದ್ದರೆ ಆ ಪ್ರದೇಶಕ್ಕೆ ಅಯೋಡಿನ್ ಸಾಕಷ್ಟು ತಲುಪುತ್ತಿದೆ. ಒಂದೇ ಮಗುವಿನ ಒಂದೇ ಮಾದರಿಯಿಂದ ಆ ಮಗುವಿನ ಬಗ್ಗೆ ಏನನ್ನೂ ಹೇಳಲಾಗದು. ನಿನ್ನೆ ತಿಂದದ್ದು, ಇಂದು ಕುಡಿದ ನೀರು, ಎಲ್ಲವೂ ಆ ಅಂಕಿಯನ್ನು ಅಲುಗಾಡಿಸುತ್ತವೆ.

ಮಕ್ಕಳ ಮೆತ್ತನೆಯ, ಗಂಟಿಲ್ಲದ ಗಳಗಂಡ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ ಇಳಿಯುತ್ತದೆ. ಹಿರಿಯರಲ್ಲಿ ಬಹುಕಾಲದಿಂದ ಗಂಟುಗಟ್ಟಿದ ಗಳಗಂಡ ಉಪ್ಪಿನಿಂದ ಕರಗುವುದಿಲ್ಲ. ಅಂಥವರ ಮೇಲೆ ಮೊದಲ ಕೆಲವು ವರ್ಷ ಒಂದು ಕಣ್ಣಿಟ್ಟಿರಬೇಕು. ವರ್ಷಗಟ್ಟಲೆ ಹಸಿದಿದ್ದ ಗಂಟಿಗೆ ಅಯೋಡಿನ್ ಸಿಕ್ಕಿದಾಗ ಅದು ಹಿಡಿತವಿಲ್ಲದೆ ಹಾರ್ಮೋನು ಸುರಿಸಲು ತೊಡಗಬಹುದು. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬ್ರೆಡ್‌ಗೆ ಅಯೋಡೇಟ್ ಬೆರೆಸಿದ ಮೇಲೆ ಹೀಗೆಯೇ ಆಯಿತು. ಎದೆ ಡವಗುಟ್ಟುವುದು, ಕೈ ನಡುಗುವುದು, ಚೆನ್ನಾಗಿ ಉಣ್ಣುತ್ತಿದ್ದರೂ ತೂಕ ಇಳಿಯುವುದು ಕಂಡರೆ ವಯಸ್ಸಿನ ದೋಷವೆಂದು ಬಿಡದೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಚಿಕಿತ್ಸೆ ಇದೆ. ಹೊಸ ಗಂಟು ಬೇಗ ಬೆಳೆದರೆ, ನುಂಗಲು ಅಥವಾ ಉಸಿರಾಡಲು ತೊಡಕಾದರೆ, ಧ್ವನಿ ಒಡೆದರೆ ಅಂದೇ ವೈದ್ಯರ ಬಳಿ ಹೋಗಬೇಕು.